ಮೈನಸ್ ಒಂಬತ್ತರ ಕನ್ನಡಕಕ್ಕೆ ಫ್ರೇಮು ಆರಿಸಿದ ದಿನ

ಈ ಸಲದ ತಪಾಸಣೆಯ ಚೀಟಿಯಲ್ಲಿ ಬಲಗಣ್ಣಿಗೆ ಮೈನಸ್ 8.50, ಎಡಗಣ್ಣಿಗೆ ಮೈನಸ್ 9.00 ಎಂದು ಬರೆದಿತ್ತು. ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಎರಡು ಪರದೆಗಳ ಮುಂದೆ ಕೂತು ಲೆಕ್ಕದ ಹಾಳೆಗಳನ್ನು ತಾಳೆ ನೋಡುವುದು ನನ್ನ ಕೆಲಸ. ಹಳೆಯ ಕನ್ನಡಕದ ಗಾಜು ಫ್ರೇಮಿನ ಹಿಂದಕ್ಕೆ ಎದ್ದು ಕಾಣುವಷ್ಟು ದಪ್ಪವಾಗಿತ್ತು, ಮೂಗಿನ ಮೇಲಿಂದ ಪದೇ ಪದೇ ಜಾರುತ್ತಿತ್ತು, ಮತ್ತು ಪರದೆಯ ಅಂಚಿನ ಅಕ್ಷರಗಳನ್ನು ತಲೆ ತಿರುಗಿಸದೆ ಕಣ್ಣೋರೆಯಿಂದ ನೋಡಿದಾಗ ಅವುಗಳ ಒಂದು ಬದಿಗೆ ಕಿತ್ತಳೆ, ಇನ್ನೊಂದು ಬದಿಗೆ ನೀಲಿ ಗೆರೆ ಅಂಟಿಕೊಂಡಂತೆ ಕಾಣುತ್ತಿತ್ತು. ಈ ಮೂರು ತೊಂದರೆಗಳನ್ನೂ ಒಟ್ಟಿಗೆ ಬಗೆಹರಿಸಿಕೊಳ್ಳಬೇಕೆಂದು ಒಂದು ಶನಿವಾರ ಮಧ್ಯಾಹ್ನ ತುಮಕೂರಿನ ಬಿ.ಎಚ್. ರಸ್ತೆಯ ಬದಿಯ ಒಂದು ಕನ್ನಡಕದಂಗಡಿಗೆ ಹೋದೆ. ನನ್ನೊಂದಿಗೆ ತಂಗಿಯೂ ಬಂದಿದ್ದಳು. ಫ್ರೇಮು ಹಾಕಿಕೊಂಡು ಕನ್ನಡಿ ನೋಡಿದರೆ ನನಗೆ ನನ್ನ ಮುಖವೇ ಮಂಜಾಗಿ ಕಾಣುವುದರಿಂದ, ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಇನ್ನೊಬ್ಬರ ಕಣ್ಣು ಬೇಕೇ ಬೇಕು.

ಮುಂಗಟ್ಟೆಯಲ್ಲಿದ್ದ ಹುಡುಗ ಚೀಟಿ ನೋಡಿದ ಕೂಡಲೇ 1.74 ಇಂಡೆಕ್ಸಿನ ಗಾಜಿನ ಬೆಲೆಪಟ್ಟಿಯನ್ನು ಮುಂದಿಟ್ಟ. ಇಂಡೆಕ್ಸು ಎಂದರೆ ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಅದು ಹೆಚ್ಚಿದ್ದಷ್ಟೂ ಅದೇ ಪವರಿಗೆ ಗಾಜು ತೆಳ್ಳಗೆ. ತಂಗಿ ಅಷ್ಟರಲ್ಲಿ ಈಗಿನ ಓಟದ ಅಗಲ ಚೌಕದ ಫ್ರೇಮೊಂದನ್ನು ಆರಿಸಿಯೂ ಆಗಿತ್ತು. ಒಳಗೆ ಗಾಜು ಕೂರಿಸುತ್ತಿದ್ದ ಹಿರಿಯರು ಹೊರಗೆ ಬಂದು, ಆ ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ ಅಚ್ಚಾಗಿದ್ದ 54-18-140 ಎಂಬ ಅಂಕಿಗಳನ್ನು ತೋರಿಸಿ, "ಮೇಡಂ, ಇಂಡೆಕ್ಸ್ ಆಮೇಲೆ ನೋಡೋಣ. ಮೊದಲು ಫ್ರೇಮು ಚಿಕ್ಕದು ಮಾಡ್ಕೊಳ್ಳಿ, ಅರ್ಧ ದಪ್ಪ ಅಲ್ಲೇ ಕಮ್ಮಿ ಆಗುತ್ತೆ" ಎಂದರು. 'ಅರ್ಧ' ಎಂಬುದು ವ್ಯಾಪಾರದ ಮಾತು. ಆದರೆ ಲೆಕ್ಕ ಹಾಕಿ ನೋಡಿದಾಗ ಅವರ ಮಾತಿನ ದಿಕ್ಕು ಸರಿಯಾಗಿಯೇ ಇತ್ತು.

ಆ ಅಂಕಿಗಳಲ್ಲಿ ಮೊದಲನೆಯದು ಒಂದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲೆ ಎರಡು ಗಾಜುಗಳ ನಡುವಿನ ಅಂತರ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಮೊದಲೆರಡನ್ನು ಕೂಡಿದರೆ ಒಂದು ಗಾಜಿನ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ದೂರ ಸಿಗುತ್ತದೆ. ತಂಗಿ ಆರಿಸಿದ ಫ್ರೇಮಿನಲ್ಲಿ ಅದು 72 ಮಿ.ಮೀ. ನನ್ನ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ, ಅಂದರೆ ಚೀಟಿಯಲ್ಲಿ ಪಿ.ಡಿ. ಎಂದು ಬರೆಯುವುದು, 62 ಮಿ.ಮೀ. ಹೀಗಾಗಿ ಗಾಜಿನ ದೃಷ್ಟಿಕೇಂದ್ರವನ್ನು, ಅಂದರೆ ಬೆಳಕು ಬಾಗದೆ ನೇರ ಹಾಯುವ ಬಿಂದುವನ್ನು, ನನ್ನ ಪಾಪೆಯ ಎದುರಿಗೆ ತರಲು ಪ್ರತಿ ಕಡೆಯೂ 5 ಮಿ.ಮೀ.ನಷ್ಟು ಮೂಗಿನ ಕಡೆಗೆ ಸರಿಸಬೇಕು. ಸರಿಸಿದಷ್ಟೂ ಕಿವಿಯ ಕಡೆಯ ಅಂಚು ಕೇಂದ್ರದಿಂದ ದೂರವಾಗುತ್ತದೆ. ಮೈನಸ್ ಗಾಜು ನಡುವೆ ತೆಳ್ಳಗಿದ್ದು ಅಂಚಿಗೆ ಹೋದಂತೆ ದಪ್ಪವಾಗುವಂಥದ್ದು. ಹಾಗೆ ಏರುವ ದಪ್ಪವೂ ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ದೂರ ಎರಡರಷ್ಟಾದರೆ ಏರಿದ ದಪ್ಪ ನಾಲ್ಕರಷ್ಟಾಗುತ್ತದೆ.

ಇದನ್ನು ಅಂದಾಜು ಮಾಡುವ ಸೂತ್ರ h² × F ÷ (2000 × (n − 1)). ಇಲ್ಲಿ h ಕೇಂದ್ರದಿಂದ ಅಂಚಿಗಿರುವ ದೂರ, F ಮೈನಸ್ ಗುರುತು ಬಿಟ್ಟ ಪವರು, n ಇಂಡೆಕ್ಸು. ಬಂದ ಉತ್ತರಕ್ಕೆ ನಡುವಿನ ದಪ್ಪವಾದ 1.25 ಮಿ.ಮೀ.ನಷ್ಟನ್ನು ಸೇರಿಸಬೇಕು. ನನ್ನ ಎಡಗಣ್ಣಿಗೆ 54ರ ಫ್ರೇಮಿನಲ್ಲಿ ಆ ದೂರ 27 ಮತ್ತು 5 ಸೇರಿ 32 ಮಿ.ಮೀ. 1.67 ಇಂಡೆಕ್ಸಿನ ಗಾಜು ಹಾಕಿಸಿದರೆ ಹೊರ ಅಂಚು ಸುಮಾರು 8 ಮಿ.ಮೀ. ದಪ್ಪ ಬರುತ್ತದೆ, ಅತಿ ದುಬಾರಿಯ 1.74 ಹಾಕಿಸಿದರೂ ಏಳೂವರೆಯ ಆಸುಪಾಸು. ಅದೇ 46-20ರ ಫ್ರೇಮಿನಲ್ಲಿ ನಡುವಿನ ದೂರ 66 ಆಗುವುದರಿಂದ ಸರಿಸಬೇಕಾದದ್ದು ಬರೀ 2 ಮಿ.ಮೀ., ಅಂಚಿಗಿರುವ ದೂರ 25 ಮಿ.ಮೀ. ಆಗ 1.60ರ ಸಾಧಾರಣ ಗಾಜಿನಲ್ಲಿಯೇ ದಪ್ಪ 6 ಮಿ.ಮೀ.ಗೆ ಇಳಿಯುತ್ತದೆ. ದೊಡ್ಡ ಫ್ರೇಮಿಗೆ ಅತಿ ದುಬಾರಿ ಗಾಜು ಹಾಕಿಸುವುದಕ್ಕಿಂತ ಚಿಕ್ಕ ಫ್ರೇಮಿಗೆ ಮಧ್ಯಮ ಬೆಲೆಯ ಗಾಜು ಹಾಕಿಸಿದರೆ ಕನ್ನಡಕ ತೆಳ್ಳಗಾಗುತ್ತದೆ ಎಂಬುದು ಈ ಅಂಕಿಗಳಿಂದಲೇ ಸ್ಪಷ್ಟವಾಯಿತು. ಚೌಕದ ಫ್ರೇಮಿನಲ್ಲಿ ಹೊರಮೂಲೆಗಳು ಇನ್ನೂ ದೂರ ಇರುವುದರಿಂದ ಅಲ್ಲಿ ದಪ್ಪ ಇದಕ್ಕೂ ಹೆಚ್ಚು. ಆದ್ದರಿಂದ ಮೂಲೆಯುರುಟಾದ, ಸ್ವಲ್ಪ ದುಂಡನೆಯ ಆಕಾರಕ್ಕೆ ನಾನು ಒಪ್ಪಿದೆ. ತಂಗಿ ಮಾತ್ರ, "ಅಕ್ಕ, ಹೈಸ್ಕೂಲು ಮೇಷ್ಟ್ರ ಥರ ಕಾಣ್ತೀಯ" ಎಂದು ಕೊನೆಯವರೆಗೂ ಗೊಣಗುತ್ತಲೇ ಇದ್ದಳು.

ಹಾಗಾದರೆ ಚಿಕ್ಕ ಫ್ರೇಮಿಗೇ 1.67 ಹಾಕಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಹುಡುಗ ಕೇಳಿದ. ಅದರಿಂದ ಇಳಿಯುವುದು ಅರ್ಧ ಮಿ.ಮೀ. ಮಾತ್ರ, ಮತ್ತು ಅದಕ್ಕೆ ತೆರಬೇಕಾದ ಬೆಲೆ ಹಣದಲ್ಲಷ್ಟೇ ಇಲ್ಲ. ಗಾಜು ಬೆಳಕನ್ನು ಬಾಗಿಸುವಾಗ ಬಣ್ಣಗಳನ್ನು ಎಷ್ಟರಮಟ್ಟಿಗೆ ಬೇರೆ ಬೇರೆ ಮಾಡುತ್ತದೆ ಎಂಬುದಕ್ಕೆ ಅಬೆ ಸಂಖ್ಯೆ ಎಂಬ ಅಳತೆಯಿದೆ. ಅದು ಹೆಚ್ಚಿದ್ದಷ್ಟೂ ಬಣ್ಣದ ಗೆರೆ ಕಡಿಮೆ. ನನ್ನ ಹಳೆಯ ಕನ್ನಡಕದಲ್ಲಿದ್ದ ಪಾಲಿಕಾರ್ಬೊನೇಟಿಗೆ ಅದು ಸುಮಾರು 30, 1.67ರ ಗಾಜಿಗೆ 32ರ ಹತ್ತಿರ, ಸಾಮಾನ್ಯವಾಗಿ ಸಿಗುವ 1.60ರ ಗಾಜಿಗೆ 41ರ ಹತ್ತಿರ. ದೃಷ್ಟಿಕೇಂದ್ರದ ಮೂಲಕ ನೇರವಾಗಿ ನೋಡುವಾಗ ಈ ವ್ಯತ್ಯಾಸ ತಿಳಿಯುವುದಿಲ್ಲ. ಬಿಳಿ ಹಾಳೆಯ ಮೇಲೆ ಕಪ್ಪು ಅಂಕಿಗಳ ಸಾಲುಗಳನ್ನು ಗಾಜಿನ ಬದಿಯಿಂದ ಓದುವ ನನ್ನಂಥವರಿಗೆ, ಅದರಲ್ಲೂ ಪವರು ಹೆಚ್ಚಿದ್ದಾಗ, ಅದು ಇಡೀ ದಿನ ಕಾಣುತ್ತದೆ. ಬೀದಿಯಲ್ಲಿ ಓಡಾಡುವ, ದೂರ ನೋಡುವ ಕೆಲಸದವರಾಗಿದ್ದರೆ ಬಹುಶಃ ನಾನೂ 1.67ನ್ನೇ ಹೇಳುತ್ತಿದ್ದೆ. ಹಗುರವಾಗುತ್ತದೆಂಬ ಆಸೆಯಿಂದ ಇಂಡೆಕ್ಸು ಏರಿಸುವವರು ತಿಳಿದಿರಬೇಕಾದ ಇನ್ನೊಂದು ಮಾತೆಂದರೆ, ಇಂಡೆಕ್ಸು ಹೆಚ್ಚಾದಂತೆ ಆ ವಸ್ತುವಿನ ಸಾಂದ್ರತೆಯೂ ಹೆಚ್ಚುವುದರಿಂದ, ದಪ್ಪ ಇಳಿದಷ್ಟು ತೂಕ ಇಳಿಯುವುದಿಲ್ಲ.

ಫ್ರೇಮಿನ ಜಾತಿಯ ವಿಷಯದಲ್ಲಿ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ದಪ್ಪ ಪ್ಲಾಸ್ಟಿಕ್ ಫ್ರೇಮು ಗಾಜಿನ ಅಂಚನ್ನು ಮರೆಮಾಡುತ್ತದೆ. ಆದರೆ ಅದರ ಮೂಗಿನ ಭಾಗ ಅಚ್ಚಿನಲ್ಲಿ ಬಂದದ್ದು, ಹಿಂದೆ ಮುಂದೆ ಮಾಡಲಾಗದು. ಲೋಹದ ಫ್ರೇಮಿನಲ್ಲಿ ಮೂಗಿನ ಪ್ಯಾಡುಗಳನ್ನು ಬಾಗಿಸಿ ಕನ್ನಡಕ ಕಣ್ಣಿನಿಂದ ಎಷ್ಟು ದೂರ ಕೂರಬೇಕೆಂಬುದನ್ನು ಹೊಂದಿಸಬಹುದು. ಪವರು ಕಡಿಮೆಯಿದ್ದವರಿಗೆ ಇದು ಸೌಕರ್ಯದ ಮಾತು, ಮೈನಸ್ ಒಂಬತ್ತಿಗೆ ಇದು ಪವರಿನದೇ ಮಾತು: ತಪಾಸಣೆಯ ವೇಳೆ ಗಾಜು ಇದ್ದ ಜಾಗಕ್ಕಿಂತ ಕನ್ನಡಕ 3 ಮಿ.ಮೀ. ಮುಂದೆ ಜಾರಿ ಕೂತರೆ ಕಣ್ಣಿಗೆ ಸಿಗುವ ಪವರು ಸುಮಾರು ಕಾಲು ಡಯಾಪ್ಟರಿನಷ್ಟು ತಗ್ಗುತ್ತದೆ. ಸಂಜೆಯ ಹೊತ್ತಿಗೆ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರೆ ದೂರದ ಬೋರ್ಡು ಚುರುಕಾಗಿ ಕಾಣುತ್ತಿದ್ದುದರ ಗುಟ್ಟು ಇದೇ. ಕೊನೆಗೆ ಪ್ಯಾಡಿರುವ, ಅಂಚಿನ ಸುತ್ತ ತೆಳು ಪ್ಲಾಸ್ಟಿಕ್ ಪಟ್ಟಿಯಿರುವ ಲೋಹದ ಫ್ರೇಮು ಸಿಕ್ಕಿತು. ಹಿರಿಯರು ಕಡ್ಡಿಗಳನ್ನು ಮಡಚಿ ನೋಡಿ, ಕೀಲಿನ ಪಕ್ಕ ಎಷ್ಟು ಜಾಗವಿದೆ ಎಂದು ಪರೀಕ್ಷಿಸಿದರು; ಹೊರ ಅಂಚು ದಪ್ಪವಿದ್ದು ಅಲ್ಲಿ ಜಾಗ ಸಾಲದಿದ್ದರೆ ಕಡ್ಡಿ ಪೂರ್ತಿ ಮಡಚುವುದಿಲ್ಲ, ಮೂಗಿನ ಕಡೆ ಪ್ಯಾಡಿನ ತಂತಿ ಗಾಜಿಗೆ ತಾಗುತ್ತದೆ. ಅರ್ಧ ಚೌಕಟ್ಟಿನ, ದಾರದಲ್ಲಿ ಗಾಜು ನಿಲ್ಲುವ ಫ್ರೇಮುಗಳನ್ನು ಅವರು ಎತ್ತಿಕೊಳ್ಳಲೂ ಬಿಡಲಿಲ್ಲ.

ಫ್ರೇಮನ್ನು ನನ್ನ ಮುಖಕ್ಕೆ ಹೊಂದಿಸಿದ ನಂತರವೇ ಅವರು ನನ್ನೆದುರು ಸಮಮಟ್ಟದಲ್ಲಿ ಕೂತು, ನಾನು ನೇರ ನೋಡುತ್ತಿದ್ದಾಗ ಎರಡೂ ಪಾಪೆಗಳ ಜಾಗಕ್ಕೆ ಮಾದರಿ ಗಾಜಿನ ಮೇಲೆ ಮಾರ್ಕರಿನಿಂದ ಚುಕ್ಕೆ ಇಟ್ಟರು. ಹೊಂದಿಸುವ ಮೊದಲೇ ಚುಕ್ಕೆ ಇಟ್ಟರೆ ಆ ಅಳತೆ ಕೆಲಸಕ್ಕೆ ಬಾರದು. ದೃಷ್ಟಿಕೇಂದ್ರ ಪಾಪೆಯಿಂದ 3 ಮಿ.ಮೀ. ತಪ್ಪಿದರೆ ಬೆಳಕು ಒಂದು ಬದಿಗೆ ಸರಿಯುವುದನ್ನು ಅಳೆಯುವ ಪ್ರಿಸಮ್ ಲೆಕ್ಕದಲ್ಲಿ ನನ್ನ ಎಡಗಣ್ಣಿನ ಪವರಿಗೆ 2.7ರಷ್ಟು ಎಳೆತ ಹುಟ್ಟುತ್ತದೆ. ಮೇಲೆ ಕೆಳಗೆ ತಪ್ಪಿದರಂತೂ ಕಣ್ಣು ಅದಕ್ಕಿಂತ ಕಡಿಮೆಯನ್ನೂ ಸಹಿಸುವುದಿಲ್ಲ. ಪವರು ಸರಿಯಿದ್ದೂ ಕನ್ನಡಕ ಹಾಕಿದಾಗ ಹುಬ್ಬಿನ ನಡುವೆ ಎಳೆದಂತಾಗಿ ತಲೆ ನೋಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಕೋಟಿಂಗಿನ ಮಾತು ಬಂದಾಗ ಹುಡುಗ ನೀಲಿ ಬೆಳಕಿನ ಪೆನ್ನೊಂದನ್ನು ತೆಗೆದು, ಮಾಮೂಲಿ ಗಾಜಿನಲ್ಲಿ ಆ ಬೆಳಕು ದಾಟಿ ಹೋಗುವುದನ್ನೂ ಬ್ಲೂ ಕಟ್ ಗಾಜಿನಲ್ಲಿ ನಿಲ್ಲುವುದನ್ನೂ ತೋರಿಸಿದ. ನೋಡಲು ಚೆಂದದ ಪ್ರಯೋಗ. ಆದರೆ ಇಂಥ ಪೆನ್ನುಗಳ ಬೆಳಕು ಸಾಮಾನ್ಯವಾಗಿ 405 ನ್ಯಾನೋಮೀಟರಿನ ಆಸುಪಾಸಿನ ನೇರಳೆ, ಕಂಪ್ಯೂಟರ್ ಪರದೆಯ ನೀಲಿ ಹೆಚ್ಚಾಗಿ ಹೊಮ್ಮುವುದು 450ರ ಹತ್ತಿರ. ಆ ಪ್ರದೇಶದಲ್ಲಿ ಇಂಥ ಗಾಜುಗಳು ತಡೆಯುವುದು ಸ್ವಲ್ಪವೇ. ಹಲವು ಪರೀಕ್ಷೆಗಳನ್ನು ಒಟ್ಟುಮಾಡಿ ನೋಡಿದ 2023ರ ಕೊಕ್ರೇನ್ ವಿಮರ್ಶೆಯೂ, ಕಂಪ್ಯೂಟರ್ ಕೆಲಸದಿಂದಾಗುವ ಕಣ್ಣಿನ ಆಯಾಸವನ್ನು ಬ್ಲೂ ಕಟ್ ಗಾಜು ಅಲ್ಪಾವಧಿಯಲ್ಲಿ ಕಡಿಮೆ ಮಾಡಲಿಕ್ಕಿಲ್ಲ ಎಂದೇ ಹೇಳಿದೆ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಅದಕ್ಕೆ ಯಾವ ಕೋಟಿಂಗೂ ಮದ್ದಲ್ಲ, ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಟ್ಟರೆ ಸ್ವಲ್ಪ ಅನುಕೂಲ. ಬ್ಲೂ ಕಟ್ ಬೇಡವೆಂದಾಗ ಹುಡುಗನ ಮುಖ ಸಪ್ಪಗಾಯಿತು.

ನಾನು ಬಿಡದೆ ಕೇಳಿದ್ದು ಪ್ರತಿಫಲನ ತಡೆಯುವ ಕೋಟಿಂಗನ್ನು, ಗಾಜಿನ ಎರಡೂ ಮೈಗೆ. ಸಾಧಾರಣ ಪ್ಲಾಸ್ಟಿಕ್ ಗಾಜು ಒಂದೊಂದು ಮೈಯಲ್ಲಿ ನೂರಕ್ಕೆ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, 1.60ರದು 5ಕ್ಕೂ ಮೇಲೆ, 1.74ರದು 7ರಷ್ಟು. ಕೋಟಿಂಗಿಲ್ಲದಿದ್ದರೆ ನನ್ನ ಬೆನ್ನ ಹಿಂದಿನ ಟ್ಯೂಬ್‌ಲೈಟು ಗಾಜಿನ ಒಳಮೈಯಲ್ಲಿ ಮೂಡಿ ಅಂಕಿಗಳ ಮೇಲೆ ಬಿಳಿ ಪಟ್ಟಿಯಂತೆ ಬೀಳುತ್ತದೆ, ಎದುರಿಗಿದ್ದವರಿಗೆ ದಪ್ಪ ಅಂಚಿನ ವೃತ್ತಗಳು ಒಂದರೊಳಗೊಂದು ಕಾಣುತ್ತವೆ. ಕೋಟಿಂಗ್ ಇದೆಯೇ ಎಂದು ತಿಳಿಯಲು ದೀಪದ ಕೆಳಗೆ ಗಾಜನ್ನು ಓರೆಯಾಗಿ ಹಿಡಿದರೆ ಸಾಕು: ಪ್ರತಿಬಿಂಬ ಬೆಳ್ಳಗಿದ್ದರೆ ಕೋಟಿಂಗಿಲ್ಲ, ಮಂದವಾಗಿ ಹಸಿರೋ ನೀಲಿಯೋ ಆಗಿದ್ದರೆ ಇದೆ, ಎರಡು ಪ್ರತಿಬಿಂಬಗಳಲ್ಲಿ ಒಂದು ಬಣ್ಣದ್ದಾಗಿದ್ದು ಇನ್ನೊಂದು ಬೆಳ್ಳಗಿದ್ದರೆ ಒಂದು ಮೈ ಖಾಲಿ.

ಕನ್ನಡಕ ತಯಾರಾದ ಮೇಲೆ ಹಿರಿಯರು ಅದನ್ನು ಲೆನ್ಸೋಮೀಟರಿನಲ್ಲಿಟ್ಟು ಪವರನ್ನೂ ಕೇಂದ್ರದ ಚುಕ್ಕೆಗಳನ್ನೂ ನನ್ನೆದುರೇ ತೋರಿಸಿದರು. ಎಡಗಾಜಿನ ಅತಿ ದಪ್ಪದ ಜಾಗಕ್ಕೆ ಕ್ಯಾಲಿಪರ್ ಹಿಡಿದಾಗ 6 ಮಿ.ಮೀ.ಗೆ ತುಸು ಮೇಲೆ ಬಂತು. ಆ ಸೂತ್ರ ಅಂದಾಜಿನದ್ದಾದ್ದರಿಂದ ಅಷ್ಟು ವ್ಯತ್ಯಾಸ ನಿರೀಕ್ಷಿತವೇ. ಬಣ್ಣದ ಗೆರೆ ಪೂರ್ತಿ ಹೋಗಿಲ್ಲ. ಎರಡನೆಯ ಪರದೆಯ ದೂರದ ತುದಿಯಲ್ಲಿ ಈಗಲೂ ತೆಳುವಾಗಿ ಕಾಣುತ್ತದೆ, ತಲೆಯನ್ನು ಸ್ವಲ್ಪ ತಿರುಗಿಸಿದರೆ ಮಾಯವಾಗುತ್ತದೆ. ಸೀರೆಯ ಸೆರಗಿನಿಂದ ಒಣ ಗಾಜನ್ನು ಉಜ್ಜಬಾರದು, ಮೊದಲು ನೀರು ಬಿಟ್ಟು ಧೂಳು ಹೋಗಿಸಿ ಒಂದು ಹನಿ ಸೋಪಿನಿಂದ ತೊಳೆದು ಒರೆಸಬೇಕು ಎಂದು ಅವರು ಹೇಳಿಕಳಿಸಿದರು. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಂತೂ ಇಡಲೇಬಾರದು, ಯಾಕೆಂದರೆ ಬಿಸಿಗೆ ಗಾಜು ಹಿಗ್ಗಿದಷ್ಟು ಕೋಟಿಂಗು ಹಿಗ್ಗದೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ, ಆಮೇಲೆ ಗಾಜು ಬದಲಿಸದೆ ದಾರಿಯಿಲ್ಲ.