ಬಿಲ್‌ನಲ್ಲಿ ಹೆಸರಿಲ್ಲದವರು ಕೊಟ್ಟ ಸಾಲ

ನಾನು ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಯಜಮಾನ್ರು ಒಳ್ಳೆಯವರು, ಸಂಬಳ ತಪ್ಪಿಸಿದವರಲ್ಲ. ಆದರೆ ಅವರ ಬಾಮೈದ ದಿನಾ ಅಂಗಡಿಗೆ ಬರುತ್ತಿದ್ದರು. ಅವರಿಗೆ ಹುದ್ದೆ ಇರಲಿಲ್ಲ, ಸಂಬಳದ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಅಧಿಕಾರ ಮಾತ್ರ ಎಲ್ಲರಿಗಿಂತ ಜಾಸ್ತಿ.

ಇಂಥ ಕಡೆ ಹೆಚ್ಚಿನವರು ಬೈಗುಳದ ಬಗ್ಗೆ, ಗತ್ತಿನ ಬಗ್ಗೆ ಬೇಸರ ಹೇಳಿಕೊಳ್ಳುತ್ತಾರೆ. ನನ್ನ ಪ್ರಕಾರ ನಿಜವಾದ ಪೆಟ್ಟು ಬೀಳುವುದು ಉದ್ರಿ ಸಾಲದಲ್ಲಿ.

ನಮ್ಮಲ್ಲಿ ಪ್ರತಿ ಕಂಟ್ರಾಕ್ಟರಿಗೂ ಒಂದು ಮಿತಿ ಇತ್ತು. ಟ್ಯಾಲಿಯಲ್ಲಿ ಅದನ್ನು ಹಾಕಿಟ್ಟಿದ್ದೆ. ಬಾಕಿ ಮಿತಿ ದಾಟಿದರೆ ಬಿಲ್ ಮುಂದೆ ಹೋಗುತ್ತಿರಲಿಲ್ಲ. ಒಬ್ಬ ಕಂಟ್ರಾಕ್ಟರಿಗೆ ಮಿತಿ 2 ಲಕ್ಷ, ಆಗಲೇ 1.9 ಲಕ್ಷ ಬಾಕಿ. ಅವರು ಇನ್ನೂ 1,18,000 ರೂಪಾಯಿಯ ವೈರ್ ಕೇಳಿದರು. ಸೇಲ್ಸ್‌ನ ಹುಡುಗ ಆಗಲ್ಲ ಅಂದ. ಬಾಮೈದ ಕೌಂಟರಿನಿಂದಲೇ, "ಕೊಡೋ, ನಮ್ಮವರೇ. ನಾನು ಭಾವನಿಗೆ ಹೇಳ್ತೀನಿ" ಅಂದರು. ಮಿತಿ ತೆಗೆಸಿ ಮಾಲು ಕಳಿಸಿದರು. ಬಿಲ್‌ನಲ್ಲಿ ಬಂದಿದ್ದು ಹುಡುಗನ ಹೆಸರು.

ದುಡ್ಡು ಬರಲಿಲ್ಲ. ಯಜಮಾನ್ರು ಬಾಕಿ ಪಟ್ಟಿ ನೋಡಿ ಹುಡುಗನನ್ನು ಕರೆದರು. "ಅಣ್ಣ ಹೇಳಿದ್ರು ಸರ್" ಅಂದ. ಬಾಮೈದರಿಗೆ ನೆನಪೇ ಇಲ್ಲ. ಹುಡುಗನ ಇನ್ಸೆಂಟಿವ್ ಆ ತಿಂಗಳು ನಿಂತಿತು. ಅಲ್ಲಿಂದ ಮುಂದೆ ನಮ್ಮ ಹುಡುಗರು ಯಾವುದಕ್ಕೂ ಇಲ್ಲ ಅನ್ನುವುದನ್ನೇ ಬಿಟ್ಟರು. ಬೇಡ ಅಂದರೂ ಬೈಸಿಕೊಳ್ಳಬೇಕು, ಕೊಟ್ಟರೂ ದಂಡ ಕಟ್ಟಬೇಕು ಅಂದಮೇಲೆ ಯಾಕೆ ತಡೆಯಬೇಕು, ಅಲ್ವಾ? ಹೀಗೆ ಮಿತಿ ಅನ್ನುವುದು ಹೆಸರಿಗಷ್ಟೇ ಉಳಿಯಿತು.

ಯಜಮಾನ್ರ ಹತ್ತಿರ ಹೋಗಿ ಬಾಮೈದರ ಮೇಲೆ ದೂರು ಹೇಳಿದರೆ ಅದು ಮನೆಯ ವಿಷಯವಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಅದು ಅವರ ಹೆಂಡತಿಯ ಕಿವಿಗೂ ಹೋಗುತ್ತದೆ. ಹಾಗಾಗಿ ನಾನು ಮಾತಾಡಲಿಲ್ಲ. ಬಿಲ್ ಹಾಕುವಾಗ ಟ್ಯಾಲಿಯಲ್ಲಿ New Ref ಅಂತ ಬರುತ್ತದೆ. ಅಲ್ಲಿ ಬಿಲ್ ನಂಬರಿನ ಮುಂದೆ ಒಂದು ಅಕ್ಷರ ಸೇರಿಸತೊಡಗಿದೆ. ಮಿತಿ ದಾಟಿಸಲು ಯಜಮಾನ್ರೇ ಹೇಳಿದ್ದರೆ Y, ಬಾಮೈದರು ಹೇಳಿದ್ದರೆ B. ಮಿತಿಯೊಳಗಿನ ಬಿಲ್‌ಗೆ ಏನೂ ಇಲ್ಲ. ಯಾರ ಮಾತಿನ ಮೇಲೆ ಮಾಲು ಹೋಯಿತು ಅಂತ ಆರ್ಡರ್ ಚೀಟಿಯ ಮೇಲೆ ಅದೇ ದಿನ ಬರೆದಿಡಲು ಹುಡುಗರಿಗೂ ಹೇಳಿದೆ. ಆಮೇಲೆ ನೆನಪಿನಿಂದ ಬರೆದರೆ ಅದನ್ನು ಯಾರೂ ನಂಬುವುದಿಲ್ಲ.

ಕೆಲವು ತಿಂಗಳಾದ ಮೇಲೆ ಬಾಕಿ ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆದು, ಅಕ್ಷರದ ಪ್ರಕಾರ ಜೋಡಿಸಿ ಪ್ರಿಂಟ್ ಕೊಟ್ಟೆ. ಹಳೇ ಬಾಕಿಯಲ್ಲಿ ಹೆಚ್ಚಿನ ಪಾಲು B ಕೆಳಗೇ ಇತ್ತು. ಆದರೂ ಯಜಮಾನ್ರ ಮುಖ ಬದಲಾಗಿದ್ದು ಅದರ ಜೊತೆ ನಾನು ಬರೆದುಕೊಟ್ಟಿದ್ದ ಇನ್ನೊಂದು ಲೆಕ್ಕ ನೋಡಿ.

ಆ 1,18,000 ಬಿಲ್‌ನಲ್ಲಿ ಮಾಲು 1 ಲಕ್ಷ, 18% ಜಿಎಸ್‌ಟಿ 18,000. ಗಿರಾಕಿ ದುಡ್ಡು ಕೊಡಲಿ ಬಿಡಲಿ, ಆ ತೆರಿಗೆಯನ್ನು ನಾವು ಮುಂದಿನ ತಿಂಗಳ 20ರೊಳಗೆ ಲೆಕ್ಕಕ್ಕೆ ಸೇರಿಸಲೇಬೇಕು. ಸಾಲ ಮುಳುಗಿತು ಅಂತ ಅದನ್ನು ವಾಪಸ್ ಕೇಳುವ ದಾರಿ ಜಿಎಸ್‌ಟಿಯಲ್ಲಿ ಇಲ್ಲ. ಇನ್ನು ವೈರ್ ಮೇಲೆ ನಮಗೆ ಉಳಿಯುತ್ತಿದ್ದದ್ದು ನೂರಕ್ಕೆ ಐದು ರೂಪಾಯಿ. ಅಂದರೆ ಮಾಲಿನ ಅಸಲು 95,000. ಅದೊಂದನ್ನೇ ತುಂಬಿಸಿಕೊಳ್ಳಲು ಇನ್ನೂ 19 ಲಕ್ಷದ ವೈರ್ ಮಾರಬೇಕು. ಅದರಲ್ಲಿ ಅಂಗಡಿ ಬಾಡಿಗೆ, ನಮ್ಮ ಸಂಬಳ ಏನೂ ಹಿಡಿದಿಲ್ಲ.

ಯಜಮಾನ್ರು ಹಾಳೆಯನ್ನು ಮನೆಗೆ ಒಯ್ದರು. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಮುಂದಿನ ವಾರ ಹೊಸ ಪದ್ಧತಿ ಬಂತು. ಬಾಮೈದರು ಮಿತಿಯ ಮೇಲೆ 50,000ದವರೆಗೆ ಒಪ್ಪಬಹುದು, ಆದರೆ ಚೀಟಿಗೆ ಅವರೇ ಸಹಿ ಹಾಕಬೇಕು. ಆ ಬಾಕಿ ವಸೂಲಿಗೆ ಫೋನ್ ಮಾಡುವವರೂ ಅವರೇ. ಹುಡುಗರ ಇನ್ಸೆಂಟಿವ್ ಲೆಕ್ಕಕ್ಕೆ B ಬಿಲ್‌ಗಳು ಸೇರುವುದಿಲ್ಲ.

ಸಹಿ ಕೇಳತೊಡಗಿದ ಮೇಲೆ "ನಮ್ಮವರು" ಬಹಳ ಕಡಿಮೆಯಾದರು. ಬಾಮೈದರು ಕೆಟ್ಟವರೇನಲ್ಲ ಅಂತ ಆಗ ನನಗೆ ಅನಿಸಿತು. ಕೊಟ್ಟ ಮಾತಿಗೆ ಏನು ಬೆಲೆ ಬೀಳುತ್ತದೆ ಅಂತ ಅಲ್ಲಿಯವರೆಗೆ ಅವರಿಗೆ ಯಾರೂ ತೋರಿಸಿರಲೇ ಇಲ್ಲ.

ಡಿಸ್ಕೌಂಟ್ ವಿಷಯ ಮಾತ್ರ ಬಗೆಹರಿಯಲಿಲ್ಲ. ಬಾಕಿಯಾದರೆ ಪಟ್ಟಿಯಲ್ಲಿ ಉಳಿದುಕೊಳ್ಳುತ್ತದೆ. ಕೌಂಟರಿನಲ್ಲಿ ಬಿಟ್ಟುಕೊಟ್ಟ ಎರಡು ಪರ್ಸೆಂಟ್ ಬಿಲ್‌ನ ದರದೊಳಗೇ ಮುಚ್ಚಿಹೋಗುತ್ತದೆ. ಅದನ್ನು ಹಿಡಿಯಬೇಕಾದರೆ ಪ್ರತಿ ಐಟಂಗೂ ಕನಿಷ್ಠ ದರ ಕಟ್ಟಬೇಕು, ತಾಮ್ರದ ರೇಟ್ ಬದಲಾದಾಗಲೆಲ್ಲ ತಿದ್ದಬೇಕು. ನಾನು ಕೆಲಸ ಬಿಡುವವರೆಗೂ ಯಜಮಾನ್ರು ಅದಕ್ಕೆ ಒಪ್ಪಲಿಲ್ಲ.