ಲಾಗ್ ಟೇಬಲ್ ತೆರೆಯುವ ಮುನ್ನ

ಮಂಡ್ಯದ ನಮ್ಮ ಕಾಲೇಜಿನಲ್ಲಿ ಪಿಯುಸಿಗೆ ಗಣಿತ ಹೇಳುತ್ತಿದ್ದ ಮೇಷ್ಟ್ರು ಲಾಗ್ ಟೇಬಲ್ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಇಡಿಸುತ್ತಿದ್ದರು. ಉತ್ತರ ಎಷ್ಟರಿಂದ ಎಷ್ಟರೊಳಗೆ ಬರಬೇಕು ಎಂದು ಬಾಯಲ್ಲಿ ಹೇಳಿದವರಿಗೆ ಮಾತ್ರ ಅದನ್ನು ತೆರೆಯುವ ಅಪ್ಪಣೆ. ಆಗ ನಮಗೆ ಇದು ಬರೀ ಕಿರುಕುಳವಾಗಿ ಕಾಣುತ್ತಿತ್ತು.

ಈಗ ಅದೇ ಕಾಲೇಜಿನಲ್ಲಿ ಓದುತ್ತಿರುವ ಅಕ್ಕನ ಮಗಳು ಈಚೆಗೆ ಮೊಬೈಲಿಗೆ ಒಂದು ಲೆಕ್ಕದ ಫೋಟೋ ಕಳಿಸಿದಳು. ಸೀಸದ ಡಬ್ಬಿಯಲ್ಲಿಟ್ಟ ಅಯೋಡಿನ್-131 ಮಾದರಿಯ ವಿಕಿರಣಪಟುತ್ವ ಈಗ 200 ಮೆಗಾಬೆಕೆರೆಲ್. ಅರ್ಧಾಯು 8 ದಿನ. ಅದು 15ಕ್ಕೆ ಇಳಿಯಲು ಎಷ್ಟು ದಿನ ಬೇಕು? ಕೆಳಗೆ ಸುಳಿವಾಗಿ ಒಂದು ಸೂತ್ರವಿತ್ತು. ಆದರೆ ಫ್ಲ್ಯಾಶ್ ಬೆಳಕು ಸರಿಯಾಗಿ ಅದರ ಘಾತದ ಮೇಲೆಯೇ ಬಿದ್ದು, ಅಲ್ಲಿರುವುದು 0.866 ಎಂದೋ 0.0866 ಎಂದೋ ತಿಳಿಯುತ್ತಿರಲಿಲ್ಲ. "ಮಾವ, ಎರಡರಲ್ಲಿ ಯಾವುದು?" ಎಂದು ಕೇಳಿದ್ದಳು.

ಮೇಷ್ಟ್ರು ಇದ್ದಿದ್ದರೆ ಆ ಸಂಖ್ಯೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸಮ ಅವಧಿಯಲ್ಲಿ ಸಮ ಮೊತ್ತ ಹೋಗುತ್ತದೆಯೋ, ಸಮ ಪಾಲು ಹೋಗುತ್ತದೆಯೋ?" ತಿಂಗಳ ಕಂತು ಕಟ್ಟಿದಾಗ ಬಡ್ಡಿಯಿಲ್ಲದ ಕೈಸಾಲ ಪ್ರತಿ ಸಲವೂ ಅಷ್ಟಷ್ಟೇ ಇಳಿಯುತ್ತದೆ, ಅಲ್ಲಿ ಕಳೆಯಬೇಕು. ಅಯೋಡಿನ್ ಹಾಗಲ್ಲ. ಪ್ರತಿ ಪರಮಾಣುವಿಗೂ ಒಂದು ದಿನದಲ್ಲಿ ಒಡೆಯುವ ಸಂಭವ ಅಷ್ಟೇ ಇರುವುದರಿಂದ, ಉಳಿದದ್ದು ಕಡಿಮೆಯಾದಂತೆ ಒಡೆಯುವುದೂ ಕಡಿಮೆ. ಅಲ್ಲಿ ಗುಣಿಸಬೇಕು. ಅರ್ಧಾಯು ಕೊಟ್ಟಿರುವಾಗ ಅದಕ್ಕೊಪ್ಪುವ ಮಾದರಿ ಇದು:

A = 200 × (1/2)^(t/8)

ಘಾತದಲ್ಲಿ t/8 ಎಂದರೆ ಎಷ್ಟು ಅರ್ಧಾಯುಗಳು ಕಳೆದವು ಎಂಬ ಎಣಿಕೆ. t ಜಾಗದಲ್ಲಿ 0 ಹಾಕಿದರೆ 200, 8 ಹಾಕಿದರೆ 100 ಬರಬೇಕು. ಇಷ್ಟು ಬಂದರೆ ಮಾದರಿ ಸರಿಯಾಗಿದೆ.

ಇನ್ನು ಬೋರಲು ಪುಸ್ತಕದ ಹಂತ. 200, 100, 50, 25, 12.5. ಮೂರು ಅರ್ಧಾಯು ಕಳೆದಾಗ, ಅಂದರೆ 24ನೆಯ ದಿನ, 25 ಉಳಿದಿರುತ್ತದೆ. 32ನೆಯ ದಿನಕ್ಕೆ 12.5. ಹಾಗಾಗಿ 15ಕ್ಕೆ ಇಳಿಯುವುದು ಈ ಎರಡರ ನಡುವೆ, 32ರ ಕಡೆಗೆ ವಾಲಿಕೊಂಡು. ಇದನ್ನು ಬಾಯಲ್ಲಿ ಹೇಳಿದ ಮೇಲೆ ಲಾಗ್.

ಲಾಗ್ ತೆಗೆದುಕೊಳ್ಳುವ ಮುನ್ನ 200ರಿಂದ ಎರಡೂ ಕಡೆ ಭಾಗಿಸಿ, ಘಾತವಿರುವ ಪದವನ್ನು ಒಂಟಿಯಾಗಿ ನಿಲ್ಲಿಸಬೇಕು. ಆಮೇಲೆ ತಿರುವಿ ಹಾಕಿದರೆ 2^(t/8) = 200/15. ಹೀಗೆ ತಿರುವುವುದು ಮೇಷ್ಟ್ರ ಅಭ್ಯಾಸ. ಒಂದಕ್ಕಿಂತ ಚಿಕ್ಕ ಸಂಖ್ಯೆಯ ಲಾಗ್ ಋಣವಾಗುತ್ತದೆ, ಟೇಬಲಿನಲ್ಲಿ ಅದನ್ನು ಹುಡುಕುವುದು ತಲೆನೋವು. ತಿರುವಿದರೆ ಆ ಗೋಜೇ ಇಲ್ಲ.

t = 8 × log(13.333) / log 2 = 8 × 1.1249 / 0.3010

ಉತ್ತರ 29.9 ದಿನ. 24 ಮತ್ತು 32ರ ನಡುವೆಯೇ ಇದೆ.

ಈಗ ಫೋಟೋದಲ್ಲಿ ಅಳಿಸಿಹೋದ ಸೊನ್ನೆಗೆ ಬರೋಣ. ಸುಳಿವಿನ ಸೂತ್ರ e ಬಳಸಿದ ರೂಪ: A = 200 e^(-kt). ಇಲ್ಲಿ k ಎಂದರೆ 0.693ನ್ನು ಅರ್ಧಾಯುವಿನಿಂದ ಭಾಗಿಸಿದ್ದು, 8ರಿಂದ ಭಾಗಿಸಿದರೆ 0.0866. ಇದು 0.866 ಆಗಿದ್ದರೆ ಅರ್ಧಾಯು ಒಂದು ದಿನವೂ ಆಗುತ್ತಿರಲಿಲ್ಲ. ಫೋಟೋವನ್ನು ಎಷ್ಟು ಹಿಗ್ಗಿಸಿ ನೋಡಿದರೂ ಸಿಗದ ಸೊನ್ನೆ ಒಂದು ಭಾಗಾಕಾರದಲ್ಲಿ ಸಿಕ್ಕಿತು.

ಸೊನ್ನೆ ಸಿಕ್ಕಿದ ಸಂತೋಷದಲ್ಲಿ ಅವಳು ಅದನ್ನು ದಿನಕ್ಕೆ ಶೇ 8.66 ಇಳಿಕೆ ಎಂದು ಓದಿ, 0.9134ರ ಘಾತವಾಗಿ ಲೆಕ್ಕ ಮಾಡಿ, 28.6 ದಿನ ಎಂದು ಬರೆದಳು. ಬಹಳ ಜನ ಬೀಳುವ ಗುಂಡಿ ಇದು. k ಎಂಬುದು ಆ ಕ್ಷಣದ ದರ. ದಿನವಿಡೀ ಉಳಿದದ್ದು ಕರಗುತ್ತಲೇ ಇರುವುದರಿಂದ, ದಿನದ ಕೊನೆಗೆ ನಿಜವಾಗಿ ಹೋಗಿರುವುದು ಶೇ 8.3 ಮಾತ್ರ. ಪತ್ತೆಹಚ್ಚುವುದು ಸುಲಭ: ಅವಳ ಸೂತ್ರದಲ್ಲಿ t ಜಾಗಕ್ಕೆ 8 ಹಾಕಿದರೆ 100 ಬರುವುದಿಲ್ಲ, 97ರ ಆಸುಪಾಸಿನಲ್ಲಿ ನಿಲ್ಲುತ್ತದೆ. "ದಿನಕ್ಕೆ ಇಷ್ಟು ಶೇಕಡಾ ಇಳಿಯುತ್ತದೆ" ಎಂದು ಪ್ರಶ್ನೆಯೇ ಹೇಳಿದ್ದರೆ ಮಾತ್ರ ಅವಳ ದಾರಿ ಸರಿ.

ಆಮೇಲೆ ಅವಳು ಕೇಳಿದ ಪ್ರಶ್ನೆ ಮೇಷ್ಟ್ರಿಗೆ ಬಲು ಇಷ್ಟವಾಗುತ್ತಿತ್ತು: ಡಬ್ಬಿಯ ಬದಲು ಅದು ಥೈರಾಯ್ಡ್ ಗ್ರಂಥಿಯಲ್ಲಿದ್ದರೆ? ಆಗ ಎರಡು ಬಾಗಿಲು ತೆರೆದಿರುತ್ತವೆ. ಅಯೋಡಿನ್ ತಾನಾಗಿ ಒಡೆಯುತ್ತದೆ, ದೇಹವೂ ಅದನ್ನು ಹೊರಹಾಕುತ್ತದೆ. ಕೂಡಿಸಬೇಕಾದದ್ದು ಅರ್ಧಾಯುಗಳನ್ನಲ್ಲ, ದರಗಳನ್ನು. ಹೊರಹಾಕುವ ಅರ್ಧಾಯು 80 ದಿನ ಎಂದು ಇಟ್ಟುಕೊಂಡರೆ 1/8 + 1/80 = 11/80; ಒಟ್ಟು ಅರ್ಧಾಯು 7.27 ದಿನ. 15ಕ್ಕೆ ಇಳಿಯಲು ಸುಮಾರು 27 ದಿನ ಸಾಕು. ಆ 80 ಮಾತ್ರ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, 8 ಬದಲಾಗುವುದಿಲ್ಲ.