ಅಡಿಟಿಪ್ಪಣಿ ತೆಗೆದರೆ ವಿರೋಧಿ ಬೆಂಬಲಿಗನಾಗುತ್ತಾನೆ

ಕೋಲಾರದಲ್ಲಿ ನಮ್ಮದು ಥೀಸಿಸ್, ಸ್ಮರಣ ಸಂಚಿಕೆ, ಲೇಖನ ಹೀಗೆ ಬಂದದ್ದೆಲ್ಲ ಸಿದ್ಧಪಡಿಸಿ ಕೊಡುವ ಡಿಟಿಪಿ ಸೆಂಟರ್. ಹೋದ ಸಲ ಕಾಲೇಜಿನ ಇತಿಹಾಸದ ಮೇಡಂ ಒಬ್ಬರು ಈ ಭಾಗದ ಕೆರೆಗಳ ಮೇಲೆ ಬರೆದ ಲೇಖನ ತಂದರು. ಪುಟದ ಅರ್ಧ ಅಡಿಟಿಪ್ಪಣಿ. ಆದರೆ ಅವರು ಕಳಿಸಬೇಕಿದ್ದ ಪತ್ರಿಕೆಗೆ ಅಡಿಟಿಪ್ಪಣಿಯೇ ಬೇಡ, ಎಲ್ಲವೂ ವಾಕ್ಯದೊಳಗೆ ಕಂಸದಲ್ಲಿ ಬರಬೇಕು. ನಮ್ಮ ಓನರ್ ಪುಟಕ್ಕಿಷ್ಟು ಅಂತ ರೇಟು ಹೇಳಿ, 'ಸಂಜೆಗೆ ಬನ್ನಿ ಮೇಡಂ' ಅಂದುಬಿಟ್ಟರು.

ಪಕ್ಕದ ಸಿಸ್ಟಂನ ಹುಡುಗ ಕೆಲಸ ಶುರು ಮಾಡಿದ. ಅವನ ಲೆಕ್ಕ ಸರಳ: ಟಿಪ್ಪಣಿಯಿಂದ ಲೇಖಕರ ಹೆಸರು, ಇಸವಿ, ಪುಟ ಎತ್ತಿ ಕಂಸಕ್ಕೆ ಹಾಕು, ಉಳಿದದ್ದು ಡಿಲೀಟ್. ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಗಿಸಿದ್ದ. ಚಾ ಕುಡೀತಾ ಸುಮ್ಮನೆ ಓದಿದೆ. ಒಂದು ಕಡೆ ಮೇಡಂ, ಕೆರೆಗಳ ಉಸ್ತುವಾರಿ ಊರಿನವರ ಕೈಯಲ್ಲೇ ಇತ್ತು ಅಂತ ವಾದಿಸುತ್ತಾರೆ. ಕೊನೆಗೆ ಕಂಸದಲ್ಲಿ ಒಬ್ಬ ವಿದ್ವಾಂಸರ ಹೆಸರು. ಮೂಲದ ಟಿಪ್ಪಣಿ ತೆಗೆದು ನೋಡಿದರೆ, 'ಇದಕ್ಕೆ ವಿರುದ್ಧವಾದ ನಿಲುವಿಗೆ ನೋಡಿ' ಅಂತಿದೆ! ಆ ಐದು ಅಕ್ಷರದ 'ವಿರುದ್ಧವಾದ' ಹೋದ ಕೂಡಲೇ, ಮೇಡಂ ಜೊತೆ ಜಗಳ ಆಡುತ್ತಿದ್ದವರು ಅವರ ಸಾಕ್ಷಿಯಾಗಿ ನಿಂತಿದ್ದರು.

ಓನರ್‌ಗೆ ತೋರಿಸಿದೆ. 'ಯಾರು ಅಷ್ಟು ನೋಡ್ತಾರೆ ಬಿಡ್ರಿ' ಅಂದರು. ಅಷ್ಟರಲ್ಲಿ ಮೇಡಂ ಫೋನ್: 'ಎಷ್ಟಾಯ್ತು?' ನಾನೇ ತೆಗೆದುಕೊಂಡು, 'ಮೇಡಂ, ನಾಳೆ ಕೂತು ಮಾತಾಡೋಣ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಓನರ್ ಮುಖ ಕೆಂಪಾಗಿತ್ತು.

ಮರುದಿನ ಮೂಲ ಫೈಲನ್ನೇ ಇಟ್ಟುಕೊಂಡು ಮೊದಲಿಂದ ಕೂತೆವು. ವಾಕ್ಯ ಮುಟ್ಟುವ ಮುಂಚೆ 'ಅದೇ, ಪು. 45' ಅನ್ನುವಂಥವನ್ನೆಲ್ಲ ಬಿಡಿಸಿ ಪೂರ್ತಿ ಹೆಸರು ಬರೆದೆವು. 'ಅದೇ' ಅಂದರೆ ಮೇಲಿನ ಟಿಪ್ಪಣಿ. ಮೇಲಿನದನ್ನು ಅಳಿಸಿದ ಮೇಲೆ ಅದು ಯಾವ ಪುಸ್ತಕ ಅಂತ ದೇವರಿಗೇ ಗೊತ್ತು. ಹುಡುಗನ ಪ್ರತಿಯಲ್ಲಿ ಎರಡು ಕಡೆ ಪುಟ ಸಂಖ್ಯೆ ಸರಿಯಿದ್ದು ಪುಸ್ತಕ ಬೇರೆಯಾಗಿತ್ತು.

ಹೆಚ್ಚು ಕಾಡಿದ್ದು ಶಾಸನಗಳು. ಕೋಲಾರ ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿವೆ, ಅಚ್ಚಾದದ್ದು 1905ರಲ್ಲಿ. ಅಲ್ಲಿ ಶಾಸನ ಹುಡುಕುವುದು ತಾಲ್ಲೂಕು ಮತ್ತು ಸಂಖ್ಯೆಯಿಂದ, ಪುಟದಿಂದ ಅಲ್ಲ. 'ಕೋಲಾರ 40' ಅನ್ನುವುದನ್ನು ಹುಡುಗ 'ರೈಸ್ 1905: 40' ಮಾಡಿದ್ದ. ಓದುವವರು 40ನೇ ಪುಟ ತೆಗೆದು ಬೇರೇನನ್ನೋ ನೋಡುತ್ತಾರೆ. ಅದಕ್ಕಿಂತ ದೊಡ್ಡ ಎಡವಟ್ಟು ಅಂದರೆ, ನೂರಾರು ವರ್ಷ ಹಿಂದೆ ಕಲ್ಲಿನ ಮೇಲೆ ಕೆತ್ತಿದ ಮಾತು 1905ರಲ್ಲಿ ರೈಸ್ ಹೇಳಿದ ಅಭಿಪ್ರಾಯದ ಹಾಗೆ ಕಾಣುತ್ತದೆ. ಹಾಗಾಗಿ ಶಾಸನಕ್ಕೆಲ್ಲ 'ಎ.ಕ. 10, ಕೋಲಾರ 40' ಅಂತಲೇ ಇಟ್ಟು, ಶಾಸನದ ಕಾಲವನ್ನು ವಾಕ್ಯದಲ್ಲೇ ಹೇಳಿದೆವು. ರೈಸ್ ಹೆಸರು ಇಸವಿಯೊಂದಿಗೆ ಬಂದದ್ದು, ಅವರ ಸ್ವಂತ ಮಾತನ್ನು ಮೇಡಂ ಚರ್ಚಿಸಿದ ಕಡೆ ಮಾತ್ರ.

ಇನ್ನು ವಾದ ಇರುವ ಟಿಪ್ಪಣಿಗಳು. ಮೇಲೆ 'ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆಯಾಗಿ ಜಮೀನು ಬಿಡುವುದು ಈ ಸೀಮೆಯಲ್ಲಿ ವ್ಯಾಪಕವಾಗಿತ್ತು' ಅಂತಿತ್ತು. ಕೆಳಗೆ ಟಿಪ್ಪಣಿಯಲ್ಲಿ ಮೂರು ಶಾಸನಗಳ ಸಂಖ್ಯೆ, ಆಮೇಲೆ 'ಇವೆಲ್ಲ ದೊಡ್ಡ ಕೆರೆಗಳವು, ಕುಂಟೆಗಳ ವಿಚಾರ ಇವುಗಳಿಂದ ತಿಳಿಯದು' ಅಂತ. ಟಿಪ್ಪಣಿ ಕಿತ್ತರೆ 'ವ್ಯಾಪಕ' ಅನ್ನುವುದು ಹಗ್ಗ ಬಿಚ್ಚಿದ ಹೋರಿ. ಮೇಡಂ ಯೋಚಿಸಿ ಹೀಗೆ ತಿದ್ದಿದರು: 'ದೊಡ್ಡ ಕೆರೆಗಳ ಮಟ್ಟಿಗಾದರೂ ಕಟ್ಟುಕೊಡಗೆ ರೂಢಿಯಲ್ಲಿತ್ತು (ಮೂರು ಶಾಸನಗಳ ಸಂಖ್ಯೆ), ಕುಂಟೆಗಳ ಬಗ್ಗೆ ಈ ಶಾಸನಗಳು ಏನೂ ಹೇಳುವುದಿಲ್ಲ.' ಪದಗಳೇನೂ ಬಹಳ ಹೆಚ್ಚಲಿಲ್ಲ, ವಾದವೂ ಗಟ್ಟಿಯಾಯಿತು. ಆ ವಿರೋಧಿ ವಿದ್ವಾಂಸರಿಗೂ ಪ್ರತ್ಯೇಕ ವಾಕ್ಯ ಸಿಕ್ಕಿತು: 'ಉಸ್ತುವಾರಿ ಅರಸರದೇ ಆಗಿತ್ತು ಎಂಬ ನಿಲುವೂ ಇದೆ' ಅಂತ, ಆಮೇಲೆ ಕಂಸ.

ಎಲ್ಲವನ್ನೂ ಹೀಗೆ ಮೇಲೆ ತರಲಾಗದು. ಒಂದು ಟಿಪ್ಪಣಿ ಪಾಠಾಂತರದ ಮೇಲೆ ಒಂದೂವರೆ ಪ್ಯಾರಾ ಇತ್ತು, ವಾಕ್ಯದೊಳಗೆ ತುರುಕಿದರೆ ಓದುವವರು ದಾರಿ ತಪ್ಪುತ್ತಾರೆ. ಕಂಸದಲ್ಲಿ ಆಕರ ಕೊಡುವ ಎಪಿಎ, ಎಂಎಲ್‌ಎ ಎರಡೂ ಶೈಲಿಗಳು ವಿವರಣೆಯ ಟಿಪ್ಪಣಿಗೆ ಅವಕಾಶ ಕೊಡುತ್ತವೆ, 'ಒಂದೂ ಬೇಡ' ಅನ್ನುವುದು ಆ ಪತ್ರಿಕೆಯ ಹಟ. ಮೇಡಂ ಪತ್ರಿಕೆಯವರಿಗೆ ಮೇಲ್ ಮಾಡಿ ಅಂಥವು ನಾಲ್ಕನ್ನು ಲೇಖನದ ಕೊನೆಗೆ ಹಾಕಲು ಒಪ್ಪಿಗೆ ತೆಗೆದುಕೊಂಡರು.

ದುಡ್ಡು ಮಾತ್ರ ಪುಟಕ್ಕಿಷ್ಟರ ಲೆಕ್ಕದಲ್ಲೇ ಬಂತು. ಈಗ ಇಂಥ ಫೈಲ್ ಬಂದರೆ ನಾನು ವರ್ಡ್‌ನ ಫೈಂಡ್‌ನಲ್ಲಿ `^f` ಹಾಕಿ ಒಂದೊಂದೇ ಟಿಪ್ಪಣಿಗೆ ಹೋಗಿ, ಬರೀ ಆಕರ ಎಷ್ಟು, ಮಾತಾಡುವವು ಎಷ್ಟು ಅಂತ ಎಣಿಸಿ ಓನರ್ ಟೇಬಲ್ ಮೇಲೆ ಚೀಟಿ ಇಡುತ್ತೇನೆ. ಅವರು ಚೀಟಿ ಓದದೆಯೇ ರೇಟು ಹೇಳುತ್ತಾರೆ, ಅದು ಬೇರೆ ಕತೆ.